ಎಕೋದಲ್ಲಿ ಇಎಫ್ 62, ಆದರೂ ಏದುಸಿರು: ಹೃದಯ ವೈಫಲ್ಯದ ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ದೂರು ಏನು?

ಒಂದು ಮಹಡಿ ಹತ್ತುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಸಂಜೆ ಹೊತ್ತಿಗೆ ಪಾದ ಊದಿಕೊಂಡಿರುತ್ತದೆ. ರಾತ್ರಿ ಎರಡು ದಿಂಬು ಬೇಕು. ಇಂಥ ರೋಗಿಗೆ ಎಕೋ ಮಾಡಿಸುತ್ತೇವೆ. ವರದಿಯ ಕೊನೆಯಲ್ಲಿ ಇಎಫ್ 62 ಎಂದಿರುತ್ತದೆ. "ಹೃದಯ ಚೆನ್ನಾಗಿದೆ ಅಮ್ಮ, ತೂಕ ಇಳಿಸಿ" ಎಂದು ಹೇಳಿ ಕಳಿಸುವುದು ಇಲ್ಲಿಯೇ. ಮೂರು ತಿಂಗಳ ನಂತರ ಅವರೇ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ತುರ್ತು ಘಟಕಕ್ಕೆ ಬರುತ್ತಾರೆ.

ಈ ಬರಹ ಮುಖ್ಯವಾಗಿ ಎಕೋ ವರದಿ ಕೈಗೆ ಸಿಕ್ಕಾಗ ಮುಂದೇನು ಎಂದು ಯೋಚಿಸುವ ಕಿರಿಯ ವೈದ್ಯರಿಗೆ. ಮನೆಯಲ್ಲಿ ಹೃದಯ ವೈಫಲ್ಯದ ರೋಗಿ ಇದ್ದು, ಒಳಗೆ ಏನಾಗುತ್ತಿದೆ ಎಂದು ತಿಳಿಯಬೇಕು ಅನ್ನುವವರೂ ಓದಬಹುದು. ಹೇಳಬೇಕಾದ ವಿಷಯ ಒಂದೇ. ಇಎಫ್ ಎನ್ನುವುದು, ಹೃದಯದಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಒಂದು ಬಡಿತಕ್ಕೆ ಹೊರಹೋಯಿತು ಎಂಬ ಅನುಪಾತ ಮಾತ್ರ. ಹೃದಯ ಎಷ್ಟು ರಕ್ತ ಕಳಿಸುತ್ತಿದೆ ಎಂದು ಅದು ಹೇಳುವುದಿಲ್ಲ. ಯಾವ ಒತ್ತಡದಲ್ಲಿ ತುಂಬಿಕೊಳ್ಳುತ್ತಿದೆ ಎಂದಂತೂ ಹೇಳುವುದೇ ಇಲ್ಲ. ಉಸಿರು ಕಟ್ಟಿಸುವುದು ಆ ತುಂಬುವ ಒತ್ತಡ.

2021ರ ಸಾರ್ವತ್ರಿಕ ವ್ಯಾಖ್ಯೆಯ ಪ್ರಕಾರ, ಹೃದಯ ವೈಫಲ್ಯದ ರೋಗಿಯಲ್ಲಿ ಇಎಫ್ 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಇಎಫ್ ತಗ್ಗಿದ ವೈಫಲ್ಯ. 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇಎಫ್ ಉಳಿದಿರುವ ವೈಫಲ್ಯ. 41ರಿಂದ 49 ನಡುವಿನದು. ವಾರ್ಡಿನಲ್ಲಿ ಮೊದಲನೆಯದನ್ನು ಹೆಫ್‌ರೆಫ್, ಎರಡನೆಯದನ್ನು ಹೆಫ್‌ಪೆಫ್ ಎನ್ನುತ್ತೇವೆ. ನಾನೂ ಹಾಗೇ ಬರೆಯುತ್ತೇನೆ.

ಇಬ್ಬರು ರೋಗಿಗಳು, ಒಂದು ಲೆಕ್ಕ

ಉದಾಹರಣೆಗೆ ಇಬ್ಬರನ್ನು ಇಟ್ಟುಕೊಳ್ಳೋಣ. ಅಂಕಿಗಳು ನಾನು ಆರಿಸಿಕೊಂಡವು. ಆದರೆ ಓಪಿಡಿಯಲ್ಲಿ ದಿನವೂ ಕಾಣುವಂಥವೇ.

ಮೊದಲನೆಯವರು 56 ವರ್ಷದ ಗಂಡಸು. ಎರಡು ವರ್ಷದ ಹಿಂದೆ ದೊಡ್ಡ ಹೃದಯಾಘಾತವಾಗಿತ್ತು. ಹೃದಯದ ಮುಂಭಾಗದ ಗೋಡೆಗೆ ಪೆಟ್ಟು ಬಿದ್ದಿದೆ. ಎರಡನೆಯವರು 68 ವರ್ಷದ ಅಮ್ಮ. ಎತ್ತರ 155 ಸೆಂ.ಮೀ., ತೂಕ 79 ಕೆ.ಜಿ. ಸಕ್ಕರೆ ಕಾಯಿಲೆ ಇದೆ. ಬಿಪಿಗೆ ಎರಡು ಮಾತ್ರೆ ನುಂಗುತ್ತಾರೆ. ಹೃದಯಾಘಾತ ಆಗಿಲ್ಲ. ಇಬ್ಬರದೂ ಒಂದೇ ಮಾತು: "ಮೆಟ್ಟಿಲು ಹತ್ತೋಕೆ ಆಗಲ್ಲ ಡಾಕ್ಟ್ರೇ."

ಎಡ ಹೃತ್ಕುಕ್ಷಿ ಪೂರ್ತಿ ತುಂಬಿದಾಗ ಅದರಲ್ಲಿರುವ ರಕ್ತ EDV. ಹಿಂಡಿದ ಮೇಲೆ ಉಳಿದದ್ದು ESV. ಎರಡರ ವ್ಯತ್ಯಾಸವೇ ಒಂದು ಬಡಿತಕ್ಕೆ ಹೊರಹೋಗುವ ರಕ್ತ, ಅಂದರೆ SV.

```
EF = SV / EDV × 100

ಗಂಡಸು : EDV 240, ESV 175 → SV 65 ಮಿ.ಲೀ., EF 27
ಅಮ್ಮ  : EDV  90, ESV  34 → SV 56 ಮಿ.ಲೀ., EF 62
```

ಮತ್ತೊಮ್ಮೆ ನೋಡಿ. ಇಎಫ್ 62 ಇರುವ ಅಮ್ಮನ ಹೃದಯ ಒಂದು ಬಡಿತಕ್ಕೆ ಕಳಿಸುತ್ತಿರುವುದು 56 ಮಿ.ಲೀ. ಇಎಫ್ 27 ಇರುವ ಗಂಡಸಿನದು 65. ಅಮ್ಮನ ಶೇಕಡಾವಾರು ದೊಡ್ಡದು, ಯಾಕೆಂದರೆ ಛೇದದಲ್ಲಿರುವ ಸಂಖ್ಯೆ ಚಿಕ್ಕದು. ಕೋಣೆಯೇ ಚಿಕ್ಕದಾಗಿದ್ದರೆ, ಸ್ವಲ್ಪ ಕಳಿಸಿದರೂ ಅನುಪಾತ ಚೆನ್ನಾಗಿ ಕಾಣುತ್ತದೆ. ಅವರ ದೇಹ ಗಂಡಸಿನದಕ್ಕಿಂತ ಚಿಕ್ಕದು ಎನ್ನುವುದು ನಿಜ. ಆದರೂ "ಪಂಪಿಂಗ್ ಚೆನ್ನಾಗಿದೆ" ಎಂಬ ಮಾತಿಗೆ ಈ 62 ಸಾಕ್ಷಿಯಲ್ಲ.

ಹಾಗಾಗಿ ಮೊದಲ ನಿಯಮ: ವರದಿಯಲ್ಲಿ ಇಎಫ್ ಜೊತೆಗೆ EDV ಓದಿ. ಗೋಡೆಯ ದಪ್ಪ ಓದಿ. ಎಡ ಹೃತ್ಕರ್ಣದ ಗಾತ್ರ ಓದಿ. ಮೂರೂ ಇಲ್ಲದ ವರದಿ ಬಂದರೆ ವಾಪಸ್ ಕೇಳಿ ಪಡೆಯುವುದು ನಿಮ್ಮ ಕೆಲಸ.

ಗಂಡಸಿನ ಹೃದಯದಲ್ಲಿ ಆದದ್ದು

ಇಲ್ಲಿ ದೋಷ ಶುರುವಾಗುವುದು ಸ್ನಾಯುಕೋಶಗಳು ಸಾಯುವುದರಿಂದ. ರಕ್ತನಾಳ ಕಟ್ಟಿಕೊಂಡು ಕೋಶ ಸತ್ತಿರಬಹುದು. ವೈರಸ್, ವರ್ಷಗಳ ಕುಡಿತ, ಕೆಲವು ಕ್ಯಾನ್ಸರ್ ಔಷಧಿ, ವಂಶವಾಹಿ ದೋಷ ಇವೂ ಕಾರಣ ಆಗಬಹುದು. ಉಳಿದ ಸ್ನಾಯುವಿಗೆ ಪೂರ್ತಿ ಹಿಂಡಲು ಆಗುವುದಿಲ್ಲ. ಪ್ರತಿ ಬಡಿತದ ನಂತರ ಒಳಗೆ ರಕ್ತ ಜಾಸ್ತಿ ಉಳಿಯುತ್ತದೆ.

ಮೂತ್ರಪಿಂಡಕ್ಕೆ ರಕ್ತ ಕಡಿಮೆ ಬಂದಂತೆ ಅನಿಸುತ್ತದೆ. ದೇಹದಿಂದ ರಕ್ತ ಸೋರಿಹೋದಾಗಲೂ ಅದಕ್ಕೆ ಅನಿಸುವುದು ಇದೇ. ಹಾಗಾಗಿ ಅದೇ ಉತ್ತರ ಕೊಡುತ್ತದೆ. ರೆನಿನ್ ಬಿಡುಗಡೆ ಆಗುತ್ತದೆ. ಆಂಜಿಯೋಟೆನ್ಸಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಆಲ್ಡೋಸ್ಟಿರಾನ್ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತದೆ. ಇನ್ನೊಂದು ಕಡೆ ಅಡ್ರಿನಲಿನ್ ಜಾತಿಯ ರಾಸಾಯನಿಕಗಳು ಬಡಿತದ ವೇಗ ಏರಿಸುತ್ತವೆ. ಕೆಲವು ದಿನ ಇದು ಉಪಕಾರ ಮಾಡುತ್ತದೆ. ಜಾಸ್ತಿ ತುಂಬಿದ ಹೃತ್ಕುಕ್ಷಿ ಜಾಸ್ತಿ ಹಿಗ್ಗುತ್ತದೆ. ಹಿಗ್ಗಿದ ಸ್ನಾಯು ಸ್ವಲ್ಪ ಜಾಸ್ತಿ ಬಲದಿಂದ ಹಿಂಡುತ್ತದೆ.

ತಿಂಗಳುಗಟ್ಟಲೆ ಹೀಗೇ ನಡೆದರೆ ಉಪಕಾರವೇ ಹಾನಿ ಆಗುತ್ತದೆ. ಕೋಣೆ ದೊಡ್ಡದಾಗುತ್ತದೆ, ಗೋಡೆ ತೆಳುವಾಗುತ್ತದೆ. ಮೊಟ್ಟೆಯಂತಿದ್ದ ಹೃತ್ಕುಕ್ಷಿ ಗುಂಡಗಾಗುತ್ತದೆ. ಮೈಟ್ರಲ್ ಕವಾಟದ ಎರಡು ಎಸಳುಗಳು ಒಂದಕ್ಕೊಂದು ಮುಟ್ಟದೆ ರಕ್ತ ಹಿಂದಕ್ಕೆ ಸೋರುತ್ತದೆ. ಆಂಜಿಯೋಟೆನ್ಸಿನ್ ಮತ್ತು ಆಲ್ಡೋಸ್ಟಿರಾನ್ ಕೋಶಗಳ ನಡುವೆ ನಾರು ಬೆಳೆಸುತ್ತವೆ. ಬದುಕಿರುವ ಕೋಶಗಳೊಳಗೂ ಕ್ಯಾಲ್ಸಿಯಂ ವ್ಯವಸ್ಥೆ ಕೆಡುತ್ತದೆ. ಹಿಂಡಿದ ಮೇಲೆ ಕ್ಯಾಲ್ಸಿಯಂ ಅನ್ನು ಒಳಗಿನ ಸಂಗ್ರಹಕ್ಕೆ ವಾಪಸ್ ಎಳೆಯುವ ಪಂಪ್ ದುರ್ಬಲವಾಗುತ್ತದೆ. ಸಂಗ್ರಹದಿಂದ ಕ್ಯಾಲ್ಸಿಯಂ ಸೋರುತ್ತದೆ. ಮುಂದಿನ ಬಡಿತಕ್ಕೆ ಬೇಕಾದಷ್ಟು ಇರುವುದಿಲ್ಲ.

ಈ ಮಾರ್ಗ ನಮಗೆ ಇಷ್ಟು ಖಚಿತವಾಗಿ ಗೊತ್ತಿರುವುದು ಸುಮ್ನೆ ಅಲ್ಲ. ಔಷಧ ಪ್ರಯೋಗಗಳೇ ಇದನ್ನು ತೋರಿಸಿಕೊಟ್ಟವು. 1987ರ ಕನ್ಸೆನ್ಸಸ್ ಪ್ರಯೋಗದಲ್ಲಿ, ತೀರಾ ಹದಗೆಟ್ಟ ರೋಗಿಗಳಿಗೆ ಎನಲಾಪ್ರಿಲ್ ಕೊಟ್ಟಾಗ ಸಾವು ಸ್ಪಷ್ಟವಾಗಿ ಇಳಿಯಿತು. ಅದು ಹಿಂಡುವ ಬಲ ಹೆಚ್ಚಿಸುವ ಮದ್ದಲ್ಲ. ಆಂಜಿಯೋಟೆನ್ಸಿನ್ ಹುಟ್ಟುವುದನ್ನು ತಡೆಯುವ ಮದ್ದು. ಅದೇ 1991ರಲ್ಲಿ, ಹಿಂಡುವ ಬಲ ಹೆಚ್ಚಿಸುವ ಮಿಲ್ರಿನೋನ್ ಮಾತ್ರೆ ಕೊಟ್ಟವರಲ್ಲಿ ಸಾವು ಹೆಚ್ಚಾಯಿತು. ದಣಿದ ಸ್ನಾಯುವಿಗೆ ಚಾಟಿ ಬೀಸುವುದಕ್ಕಿಂತ, ಅದನ್ನು ದಣಿಸುತ್ತಿರುವ ಹಾರ್ಮೋನುಗಳನ್ನು ತಗ್ಗಿಸುವುದೇ ಸರಿ ಎಂದು ಗೊತ್ತಾದದ್ದು ಹೀಗೆ.

ಅಮ್ಮನ ಹೃದಯದಲ್ಲಿ ಆದದ್ದು

ಇಲ್ಲಿ ಕೋಶ ಸತ್ತಿಲ್ಲ. ಹಿಂಡುವ ಕೆಲಸ ಹೆಚ್ಚುಕಡಿಮೆ ನಡೆಯುತ್ತಿದೆ. ಕೆಟ್ಟಿರುವುದು ಸಡಿಲವಾಗುವ ಕೆಲಸ.

ಪ್ರತಿ ಬಡಿತದ ನಂತರ ಹೃತ್ಕುಕ್ಷಿ ಎರಡು ಹಂತದಲ್ಲಿ ತೆರೆದುಕೊಳ್ಳುತ್ತದೆ. ಮೊದಲನೆಯದು ಶಕ್ತಿ ಖರ್ಚು ಮಾಡಿ ಬಿಗಿ ಬಿಡುವ ಹಂತ. ಕ್ಯಾಲ್ಸಿಯಂ ವಾಪಸ್ ಎಳೆಯಬೇಕು, ಅದಕ್ಕೆ ಎಟಿಪಿ ಬೇಕು. ಎರಡನೆಯದು ಗೋಡೆಯ ಸಹಜ ಹಿಗ್ಗುವಿಕೆ. ಸ್ನಾಯುಕೋಶದೊಳಗೆ ಟೈಟಿನ್ ಎಂಬ ದೈತ್ಯ ಪ್ರೋಟೀನ್ ಸ್ಪ್ರಿಂಗ್‌ನಂತೆ ಕೆಲಸ ಮಾಡುತ್ತದೆ. ಅದಕ್ಕೆ ಫಾಸ್ಫೇಟ್ ಗುಂಪು ಅಂಟಿದ್ದರೆ ಮೆತ್ತಗೆ, ಇಲ್ಲದಿದ್ದರೆ ಬಿಗಿ.

ಹೆಫ್‌ಪೆಫ್‌ನಲ್ಲಿ ಈ ಟೈಟಿನ್ ಯಾಕೆ ಬಿಗಿಯಾಗುತ್ತದೆ ಎಂಬುದಕ್ಕೆ 2013ರಲ್ಲಿ ಪೌಲುಸ್ ಮತ್ತು ಚೋಪೆ ಒಂದು ವಿವರಣೆ ಮುಂದಿಟ್ಟರು. ಅದು ಹೃದಯದಿಂದ ಶುರುವಾಗುವುದೇ ಇಲ್ಲ. ಬೊಜ್ಜು, ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ ಇವೆಲ್ಲ ಸೇರಿ ಇಡೀ ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತ ಇಟ್ಟುಕೊಂಡಿರುತ್ತವೆ. ಅದು ಹೃದಯದ ಅತಿ ಸಣ್ಣ ರಕ್ತನಾಳಗಳ ಒಳಪದರಕ್ಕೆ ಏಟು ಕೊಡುತ್ತದೆ. ಆ ಪದರ ನೈಟ್ರಿಕ್ ಆಕ್ಸೈಡ್ ಮಾಡುವುದು ಕಡಿಮೆ ಆಗುತ್ತದೆ. ಅದು ಕಡಿಮೆ ಆದರೆ ಪಕ್ಕದ ಸ್ನಾಯುಕೋಶದಲ್ಲಿ ಸೈಕ್ಲಿಕ್ ಜಿಎಂಪಿ ಕಡಿಮೆ. ಸೈಕ್ಲಿಕ್ ಜಿಎಂಪಿ ಕಡಿಮೆ ಇದ್ದರೆ ಟೈಟಿನ್‌ಗೆ ಫಾಸ್ಫೇಟ್ ಅಂಟಿಸುವ ಕಿಣ್ವ ಎಚ್ಚರಗೊಳ್ಳುವುದಿಲ್ಲ. ಸ್ಪ್ರಿಂಗ್ ಬಿಗಿಯಾಗಿಯೇ ಉಳಿಯುತ್ತದೆ. ಜೊತೆಗೆ ಕೋಶ ದಪ್ಪಗಾಗುತ್ತದೆ, ನಡುವೆ ನಾರು ಬೆಳೆಯುತ್ತದೆ.

ಈ ಸರಪಳಿ ಎಲ್ಲ ರೋಗಿಗಳಿಗೂ ಹೊಂದುತ್ತದೆ ಎಂದು ಮಾತ್ರ ತಿಳಿಯಬೇಡಿ. ನೈಟ್ರೇಟ್ ಮಾತ್ರೆ, ಸಿಲ್ಡೆನಫಿಲ್ ಕೊಟ್ಟು ಇದೇ ದಾರಿಯನ್ನು ಸರಿಪಡಿಸಲು ಮಾಡಿದ ಪ್ರಯೋಗಗಳು ಫಲ ಕೊಡಲಿಲ್ಲ. ನನ್ನ ಅಭಿಪ್ರಾಯದಲ್ಲಿ, ಹೆಫ್‌ಪೆಫ್ ಒಂದೇ ಕಾಯಿಲೆಯಲ್ಲ. ಬೇರೆ ಬೇರೆ ದಾರಿಗಳಲ್ಲಿ ಬಂದು ಒಂದೇ ಜಾಗದಲ್ಲಿ ಸೇರುವ ಹಲವು ತೊಂದರೆಗಳು.

ಬಿಗಿಯಾದ ಗೋಡೆಯ ಪರಿಣಾಮ ಏನು? ಹಳೇ ಬಟ್ಟೆ ಚೀಲಕ್ಕೆ ಇನ್ನೊಂದು ಸೇರು ಅಕ್ಕಿ ಹಾಕಿದರೆ ಚೀಲ ಹಿಗ್ಗುತ್ತದೆ, ಅಷ್ಟೇ. ತುಂಬಿದ ತಗಡಿನ ಡಬ್ಬಕ್ಕೆ ಹಾಕಲು ಹೋದರೆ ಒತ್ತಿ ತುರುಕಬೇಕು. ಅಮ್ಮನ ಹೃತ್ಕುಕ್ಷಿಗೆ ಸ್ವಲ್ಪ ರಕ್ತ ಜಾಸ್ತಿ ಬಂದರೂ ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ಆ ಒತ್ತಡ ಎಡ ಹೃತ್ಕರ್ಣಕ್ಕೆ, ಅಲ್ಲಿಂದ ಶ್ವಾಸಕೋಶದ ರಕ್ತನಾಳಗಳಿಗೆ ಹೋಗುತ್ತದೆ. ಅಲ್ಲಿ ನೀರು ಜಿನುಗಿದಾಗ ಏದುಸಿರು ಬರುತ್ತದೆ. ವರ್ಷಗಟ್ಟಲೆ ಈ ಒತ್ತಡ ತಡೆದುಕೊಂಡ ಎಡ ಹೃತ್ಕರ್ಣ ದೊಡ್ಡದಾಗುತ್ತದೆ. ಒಂದು ದಿನ ಅದರ ಲಯವೇ ತಪ್ಪುತ್ತದೆ. ಹೆಫ್‌ಪೆಫ್ ರೋಗಿಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಇಷ್ಟೊಂದು ಕಾಣುವುದು ಇದಕ್ಕೇ. ಲಯ ತಪ್ಪಿದರೆ ಹೃತ್ಕರ್ಣದ ಕೊನೆಯ ತಳ್ಳುವಿಕೆಯೂ ಹೋಯಿತು. ಬಿಗಿ ಹೃತ್ಕುಕ್ಷಿ ಅದನ್ನೇ ನೆಚ್ಚಿಕೊಂಡಿರುತ್ತದೆ.

ನಡೆಯುವಾಗ ಇನ್ನೊಂದು ತೊಂದರೆ. ಆರೋಗ್ಯವಂತರಲ್ಲಿ ಮೆಟ್ಟಿಲು ಹತ್ತುವಾಗ ತುಂಬುವಿಕೆಯೂ ಹೆಚ್ಚುತ್ತದೆ, ಬಡಿತದ ವೇಗವೂ ಹೆಚ್ಚುತ್ತದೆ. ಅಮ್ಮನಲ್ಲಿ ತುಂಬುವಿಕೆ ಹೆಚ್ಚಲು ಜಾಗವಿಲ್ಲ. ಇಂಥ ಅನೇಕರಲ್ಲಿ ಬಡಿತದ ವೇಗವೂ ಬೇಕಾದಷ್ಟು ಏರುವುದಿಲ್ಲ. ಲೆಕ್ಕ ಹಾಕಿ. ಬಡಿತಕ್ಕೆ 60 ಮಿ.ಲೀ., ನಿಮಿಷಕ್ಕೆ 98 ಬಡಿತ ಎಂದರೆ ಸುಮಾರು 5.9 ಲೀಟರ್. ಬಡಿತ 140 ಮುಟ್ಟಿದ್ದರೆ 8.4 ಲೀಟರ್ ಹೋಗುತ್ತಿತ್ತು. ಇಂಥವರಿಗೆ ಬೇರೆ ಕಾರಣ ಇಲ್ಲದೆ ಬೀಟಾ ಬ್ಲಾಕರ್ ಕೊಟ್ಟರೆ ಆ 98 ಕೂಡ ಇಳಿಯುತ್ತದೆ. ಆಮೇಲೆ ದಣಿವು ಜಾಸ್ತಿಯಾಯಿತು ಎಂದು ಅವರು ಹೇಳಿದರೆ ಆಶ್ಚರ್ಯವಿಲ್ಲ, ಅಲ್ವಾ?

ರಕ್ತಪರೀಕ್ಷೆ ನಾರ್ಮಲ್ ಬಂದರೆ?

ಇಲ್ಲಿ ಎಡವುವವರು ಜಾಸ್ತಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೃದಯದ ಸ್ನಾಯು ರಕ್ತಕ್ಕೆ ಬಿಡುವ ರಾಸಾಯನಿಕ ಎನ್‌ಟಿ ಪ್ರೊಬಿಎನ್‌ಪಿ. ಅಮ್ಮನಲ್ಲಿ ಅದು 110 ಬಂತು ಎಂದಿಟ್ಟುಕೊಳ್ಳಿ. ಓಪಿಡಿ ರೋಗಿಗೆ ಸಾಮಾನ್ಯವಾಗಿ ಬಳಸುವ ಗೆರೆ 125. "ಗೆರೆಯ ಕೆಳಗಿದೆ, ಹೃದಯ ವೈಫಲ್ಯ ಇಲ್ಲ" ಎಂದು ಫೈಲ್ ಮುಚ್ಚುವುದು ಸುಲಭ. ಆದರೆ ಈ ರಾಸಾಯನಿಕ ಹೊರಬರುವುದು ಒಳಗಿನ ಒತ್ತಡಕ್ಕೆ ನೇರವಾಗಿ ಅಲ್ಲ. ಗೋಡೆಯ ಮೇಲೆ ಬೀಳುವ ಎಳೆತಕ್ಕೆ. ಗೋಡೆಯ ಎಳೆತ ಒತ್ತಡದ ಜೊತೆಗೆ ಕೋಣೆಯ ತ್ರಿಜ್ಯ ಮತ್ತು ಗೋಡೆಯ ದಪ್ಪದ ಮೇಲೂ ನಿಂತಿದೆ. ಇದು ಲಾಪ್ಲಾಸ್ ನಿಯಮ.

```
ಎಳೆತ = P × r / (2 × h)

ಇಬ್ಬರಲ್ಲೂ ತುಂಬುವ ಒತ್ತಡ P = 25 mmHg ಎಂದಿಟ್ಟುಕೊಂಡರೆ
ಗಂಡಸು : r 3.5 cm, h 0.8 cm → ಸುಮಾರು 55
ಅಮ್ಮ  : r 2.2 cm, h 1.3 cm → ಸುಮಾರು 21
```

ಶ್ವಾಸಕೋಶದ ಕಡೆಯಿಂದ ನೋಡಿದರೆ ಇಬ್ಬರಿಗೂ ಒಂದೇ ಒತ್ತಡ. ಆದರೆ ಅಮ್ಮನ ಹೃದಯದ ಗೋಡೆಗೆ ಎಳೆತ ಅರ್ಧಕ್ಕಿಂತ ಕಡಿಮೆ. ಕೋಣೆ ಚಿಕ್ಕದು, ಗೋಡೆ ದಪ್ಪ. ಹೀಗಾಗಿ ಹೊರಬರುವ ರಾಸಾಯನಿಕವೂ ಕಡಿಮೆ. ಇದರ ಮೇಲೆ ಬೊಜ್ಜು ಇರುವವರಲ್ಲಿ ಈ ಮಟ್ಟ ಇನ್ನೂ ಕೆಳಗೇ ಇರುತ್ತದೆ. ಇನ್ನೊಂದು ವಿಷಯ: ರಕ್ತ ತೆಗೆಯುವುದು ರೋಗಿ ಕುರ್ಚಿಯಲ್ಲಿ ಆರಾಮಾಗಿ ಕೂತಿರುವಾಗ. ಒತ್ತಡ ಏರುವುದು ಮೆಟ್ಟಿಲ ಮೇಲೆ.

ಮಟ್ಟ ಹೆಚ್ಚಿದ್ದರೆ ಅದು ದೊಡ್ಡ ಸಾಕ್ಷಿ. ಬೊಜ್ಜಿನ ರೋಗಿಯಲ್ಲಿ ಮಟ್ಟ ಕಡಿಮೆ ಇದ್ದರೆ ಅದು ಖುಲಾಸೆ ಅಲ್ಲ. ಇದನ್ನು ಮರೆಯಬೇಡಿ.

ಅಮ್ಮನ ಎಕೋ ಮತ್ತೆ ಓದೋಣ

ಈಗ ವರದಿಯ ಉಳಿದ ಸಾಲುಗಳು. ಗೋಡೆ 1.3 ಸೆಂ.ಮೀ., ದಪ್ಪ. ಎಡ ಹೃತ್ಕರ್ಣದ ಗಾತ್ರ ದೇಹದ ಮೇಲ್ಮೈಗೆ ಹೊಂದಿಸಿದಾಗ 38. 34 ದಾಟಿದರೆ ದೊಡ್ಡದು ಎಂದು ಲೆಕ್ಕ. ಮೈಟ್ರಲ್ ಕವಾಟದಲ್ಲಿ ರಕ್ತ ನುಗ್ಗುವ ವೇಗ, ಅಂದರೆ E, ಸೆಕೆಂಡಿಗೆ 84 ಸೆಂ.ಮೀ. ಸ್ನಾಯು ಸಡಿಲವಾಗುವ ವೇಗ, ಅಂದರೆ e′, ಒಂದು ಬದಿಯಲ್ಲಿ 6, ಇನ್ನೊಂದು ಬದಿಯಲ್ಲಿ 8. ಸರಾಸರಿ 7. ಹಾಗಾದರೆ E/e′ 12.

ಈ 12 ಪೇಚಿನ ಸಂಖ್ಯೆ. 8ಕ್ಕಿಂತ ಕಡಿಮೆ ಇದ್ದಿದ್ದರೆ ಒತ್ತಡ ಸರಿ ಇದೆ ಎನ್ನಬಹುದಿತ್ತು. 14 ದಾಟಿದ್ದರೆ ಹೆಚ್ಚಿದೆ ಎನ್ನಬಹುದಿತ್ತು. 12 ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಟ್ರೈಕಸ್ಪಿಡ್ ಸೋರಿಕೆಯ ವೇಗ 2.7. ವರ್ಗ ಮಾಡಿ ನಾಲ್ಕರಿಂದ ಗುಣಿಸಿದರೆ 29. ಬಲ ಹೃತ್ಕರ್ಣದ ಒತ್ತಡ 5 ಸೇರಿಸಿದರೆ ಶ್ವಾಸಕೋಶದ ಅಪಧಮನಿಯಲ್ಲಿ 34. ಇದೂ ಗೆರೆಯ ಒಳಗೇ ಇದೆ.

ಈ ವರದಿಯಲ್ಲಿ ನಾನು ಅತಿ ಹೆಚ್ಚು ನಂಬುವುದು ಎಡ ಹೃತ್ಕರ್ಣದ 38 ಅನ್ನು. E/e′ ಪರೀಕ್ಷೆಯ ಆ ಗಳಿಗೆಯ ಸ್ಥಿತಿ ಹೇಳುತ್ತದೆ. ಬೆಳಗ್ಗೆ ನೀರಿನ ಮಾತ್ರೆ ನುಂಗಿ ಬಂದಿದ್ದರೆ ಅದು ಬದಲಾಗಿರುತ್ತದೆ. ಹೃತ್ಕರ್ಣದ ಗಾತ್ರ ಹಾಗಲ್ಲ. ಅದು ತಿಂಗಳು, ವರ್ಷಗಳ ಒತ್ತಡದ ದಾಖಲೆ. ಏಟ್ರಿಯಲ್ ಫಿಬ್ರಿಲೇಷನ್ ಇಲ್ಲ, ಮೈಟ್ರಲ್ ಕವಾಟದ ಕಾಯಿಲೆ ಇಲ್ಲ. ಆದರೂ ಹೃತ್ಕರ್ಣ ದೊಡ್ಡದಾಗಿದೆ. ಅಂದಮೇಲೆ ಯಾವುದೋ ಅದನ್ನು ಒತ್ತುತ್ತಿದೆ.

2018ರಲ್ಲಿ ಬಂದ H2FPEF ಅಂಕಪಟ್ಟಿ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಬಿಎಂಐ 30 ದಾಟಿದ್ದರೆ 2 ಅಂಕ. ಬಿಪಿಗೆ ಎರಡು ಅಥವಾ ಹೆಚ್ಚು ಮಾತ್ರೆ ಇದ್ದರೆ 1. ಏಟ್ರಿಯಲ್ ಫಿಬ್ರಿಲೇಷನ್‌ಗೆ 3. ಶ್ವಾಸಕೋಶದ ಒತ್ತಡ 35 ದಾಟಿದರೆ 1. ವಯಸ್ಸು 60 ದಾಟಿದರೆ 1. E/e′ 9 ದಾಟಿದರೆ 1. ಅಮ್ಮನ ಬಿಎಂಐ ಸುಮಾರು 33. ಅವರಿಗೆ 2, 1, 0, 0, 1, 1. ಒಟ್ಟು 5. 0 ಅಥವಾ 1 ಬಂದರೆ ಬೇರೆ ಕಾರಣ ಹುಡುಕಬೇಕು. 6 ಮತ್ತು ಮೇಲೆ ಬಂದರೆ ಹೆಫ್‌ಪೆಫ್ ಎಂದೇ ಹಿಡಿಯಬಹುದು. 5 ನಡುವೆ ನಿಂತಿದೆ.

ನಡುವೆ ನಿಂತಾಗ ದೋಷವನ್ನು ದೋಷ ಹುಟ್ಟುವ ಪರಿಸ್ಥಿತಿಯಲ್ಲೇ ನೋಡಬೇಕು. ಅಂದರೆ ಶ್ರಮದಲ್ಲಿ. ಕ್ಯಾಥ್ ಲ್ಯಾಬ್‌ನಲ್ಲಿ ಕತ್ತಿನ ಅಥವಾ ತೋಳಿನ ರಕ್ತನಾಳದ ಮೂಲಕ ಸಣ್ಣ ನಳಿಕೆ ತಳ್ಳಿ ಶ್ವಾಸಕೋಶದ ತುದಿ ನಾಳದಲ್ಲಿ ಒತ್ತಡ ಅಳೆಯುತ್ತಾರೆ. ಅದು ಎಡ ಹೃತ್ಕರ್ಣದ ಒತ್ತಡಕ್ಕೆ ಹತ್ತಿರ ಇರುತ್ತದೆ. ಅಮ್ಮ ಸುಮ್ಮನೆ ಮಲಗಿದ್ದಾಗ 13. ನಾರ್ಮಲ್. ಕಾಲನ್ನು ಎತ್ತಿ ಪೆಡಲ್ ಮೇಲೆ ಇಟ್ಟಾಗ, ಕಾಲಿನ ರಕ್ತ ಹೃದಯಕ್ಕೆ ಇಳಿದು 19. ಮಲಗಿದಲ್ಲೇ 20 ವ್ಯಾಟ್‌ನಷ್ಟು ಪೆಡಲ್ ತುಳಿದಾಗ 29. ವಿಶ್ರಾಂತಿಯಲ್ಲಿ 15 ಅಥವಾ ಶ್ರಮದಲ್ಲಿ 25 ಮುಟ್ಟಿದರೆ ಸಾಕು, ಹೆಫ್‌ಪೆಫ್ ಖಚಿತ. 20 ವ್ಯಾಟ್ ಅಂದರೆ ತೀರಾ ಸಣ್ಣ ಶ್ರಮ, ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆದಷ್ಟೇ. ಅಷ್ಟಕ್ಕೇ ಒತ್ತಡ 13ರಿಂದ 29ಕ್ಕೆ ಹೋಯಿತು. ಅಮ್ಮ ಹೇಳಿದ್ದು ನಿಜ.

ಈ ಸೌಲಭ್ಯ ಎಲ್ಲ ಕಡೆ ಸಿಗುವುದಿಲ್ಲ. ಆಗ ಸೈಕಲ್ ತುಳಿಸುತ್ತಲೇ, ಅಥವಾ ಟ್ರೆಡ್‌ಮಿಲ್‌ನಿಂದ ಇಳಿದ ಕೂಡಲೇ, ಎಕೋ ಮಾಡಬಹುದು. E/e′ 15 ಮುಟ್ಟಿ, ಟ್ರೈಕಸ್ಪಿಡ್ ಸೋರಿಕೆಯ ವೇಗ 3.4 ದಾಟಿದರೆ ಒತ್ತಡ ಏರುತ್ತಿದೆ ಎಂದು ತಿಳಿಯಬಹುದು. ಆದರೆ ಏದುಸಿರಿನಲ್ಲಿ ಎದೆ ಏರಿಳಿಯುವಾಗ ಚಿತ್ರ ಚೆನ್ನಾಗಿ ಸಿಗುವುದಿಲ್ಲ. ಪರೀಕ್ಷೆ ನೆಗೆಟಿವ್ ಬಂದರೂ ಅನುಮಾನ ಗಟ್ಟಿ ಇದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಿ.

ಇಎಫ್ ಸುಳ್ಳು ಹೇಳುವ ಕಡೆಗಳು

ಅಂತಿಮ ತೀರ್ಮಾನಕ್ಕೆ ಮೊದಲು ಇವನ್ನು ದಾಟಿ ಬಂದಿರಬೇಕು.

ಅತಿ ಮುಖ್ಯವಾದದ್ದು ಮೈಟ್ರಲ್ ಸೋರಿಕೆ. ತೀವ್ರ ಸೋರಿಕೆಯಲ್ಲಿ ಹೃತ್ಕುಕ್ಷಿ ಹಿಂಡಿದ ರಕ್ತದ ದೊಡ್ಡ ಪಾಲು ಮುಂದಕ್ಕೆ ಹೋಗುವುದಿಲ್ಲ. ಒತ್ತಡ ಕಡಿಮೆ ಇರುವ ಹೃತ್ಕರ್ಣಕ್ಕೆ ವಾಪಸ್ ಹೋಗುತ್ತದೆ. ಇಎಫ್ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. EDV 180, ಹಿಂಡಿದ್ದು 100, ಅದರಲ್ಲಿ 50 ಹಿಂದಕ್ಕೆ ಎಂದುಕೊಳ್ಳಿ. ಇಎಫ್ 56 ಎಂದು ಬರುತ್ತದೆ. ದೇಹಕ್ಕೆ ಸಿಕ್ಕಿದ್ದು 50 ಮಿ.ಲೀ. ಮಾತ್ರ. ಇದು ಹೆಫ್‌ಪೆಫ್ ಅಲ್ಲ. ಕವಾಟದ ಕಾಯಿಲೆ. ಸ್ನಾಯು ಆಗಲೇ ಸೋಲತೊಡಗಿದೆ. ಇಂಥವರಲ್ಲಿ ಇಎಫ್ 60ಕ್ಕಿಂತ ಇಳಿಯುವುದೇ ಎಚ್ಚರಿಕೆಯ ಗಂಟೆ.

ನಮ್ಮ ಕಡೆ ಇನ್ನೂ ಸಿಗುವ ರುಮಾಟಿಕ್ ಮೈಟ್ರಲ್ ಸಂಕೋಚನದಲ್ಲಿ ಇಎಫ್ ನಾರ್ಮಲ್ ಇರುತ್ತದೆ, ಹೃತ್ಕರ್ಣ ದೊಡ್ಡದಿರುತ್ತದೆ, ಏದುಸಿರೂ ಇರುತ್ತದೆ. ದೋಷ ಇರುವುದು ಬಾಗಿಲಲ್ಲಿ. ಹೃತ್ಕುಕ್ಷಿಯ ಗೋಡೆಯಲ್ಲಿ ಅಲ್ಲ. ಕ್ಷಯದ ನಂತರ ಹೃದಯದ ಹೊರಪೊರೆ ಗಟ್ಟಿಯಾಗಿ ಹೃದಯವನ್ನು ಹಿಡಿದುಕೊಂಡಿರಬಹುದು. ಕತ್ತಿನ ನಾಳ ಉಬ್ಬಿ, ಹೊಟ್ಟೆಯಲ್ಲಿ ನೀರು ತುಂಬಿ, ಆದರೆ ಸ್ನಾಯು ಸಡಿಲವಾಗುವ ವೇಗ e′ ಚೆನ್ನಾಗಿಯೇ ಇದ್ದರೆ ಅದನ್ನು ನೆನಪು ಮಾಡಿಕೊಳ್ಳಿ. ಹೆಫ್‌ಪೆಫ್‌ನಲ್ಲಿ e′ ತಗ್ಗಿರುತ್ತದೆ.

ಇನ್ನೊಂದು ಅಮಿಲಾಯ್ಡ್. ಎಕೋದಲ್ಲಿ ಗೋಡೆ ದಪ್ಪ ಕಾಣುತ್ತದೆ, ಇಸಿಜಿಯಲ್ಲಿ ಅಲೆಗಳು ಮಾತ್ರ ಆ ದಪ್ಪಕ್ಕೆ ತಕ್ಕಷ್ಟು ಎತ್ತರ ಇರುವುದಿಲ್ಲ. ಗೋಡೆ ದಪ್ಪಗಾಗಿರುವುದು ಸ್ನಾಯುವಿನಿಂದಲ್ಲ, ನಡುವೆ ಕೂತ ಪ್ರೋಟೀನ್‌ನಿಂದ. ವಯಸ್ಸಾದವರಲ್ಲಿ ಎರಡೂ ಕೈಗೆ ಕಾರ್ಪಲ್ ಟನಲ್ ಶಸ್ತ್ರಚಿಕಿತ್ಸೆ ಆಗಿದೆಯಾ ಎಂದು ಕೇಳಿ. ಬಿಪಿ ಮಾತ್ರೆ ವರ್ಷಗಟ್ಟಲೆ ನುಂಗುತ್ತಿದ್ದವರಿಗೆ ಈಗ ಮಾತ್ರೆಯೇ ಬೇಡದಷ್ಟು ಬಿಪಿ ಇಳಿದಿದ್ದರೆ ಅನುಮಾನ ಪಡಿ. ಇದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಎಲ್ಲರಿಗೂ ಮಾಡಿಸಿ.

ಕೊನೆಯದು, ಔಷಧಿಯಿಂದ ಇಎಫ್ 28ರಿಂದ 52ಕ್ಕೆ ಏರಿದ ರೋಗಿ. ಇವತ್ತಿನ ಎಕೋ ಮಾತ್ರ ನೋಡಿದರೆ ಹೆಫ್‌ಪೆಫ್ ಅನಿಸುತ್ತದೆ. ಅಲ್ಲ. ಅದು ಚೇತರಿಸಿಕೊಂಡ ಹೆಫ್‌ರೆಫ್. ಔಷಧಿ ನಿಲ್ಲಿಸಿದರೆ ಅನೇಕರಲ್ಲಿ ಮತ್ತೆ ಇಳಿಯುತ್ತದೆ. ಹಳೆಯ ಎಕೋ ಕೇಳದೆ ಯಾರಿಗೂ ಹೆಸರು ಹಚ್ಚಬೇಡಿ.

ದೋಷ ಗೊತ್ತಾದ ಮೇಲೆ

ಗಂಡಸಿನ ಕಡೆ ದಾರಿ ನಿಚ್ಚಳ. ಹಾರ್ಮೋನುಗಳ ಹಿಡಿತ ಬಿಡಿಸಬೇಕು. ಸಾಕುಬಿಟ್ರಿಲ್ ವಲ್ಸಾರ್ಟನ್ ಅಥವಾ ಅದೇ ಗುಂಪಿನ ಹಳೆಯ ಮಾತ್ರೆ, ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಜಾತಿಯದು, ಮತ್ತು ಎಸ್‌ಜಿಎಲ್‌ಟಿ2 ತಡೆಯುವ ಮಾತ್ರೆ. ನಾಲ್ಕನ್ನೂ ಸಣ್ಣ ಪ್ರಮಾಣದಲ್ಲಿ ಬೇಗ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ದುರ್ಬಲ ಸ್ನಾಯುವಿಗೆ ಎದುರಿನ ತಡೆ ಕಡಿಮೆ ಮಾಡಿದರೆ SV ಏರುತ್ತದೆ. ಹಾಗಾಗಿ ಬಿಪಿ 100 ಇದ್ದರೂ, ತಲೆಸುತ್ತು ಇಲ್ಲದಿದ್ದರೆ, ಈ ಮಾತ್ರೆಗಳಿಗೆ ಜಾಗ ಇರುತ್ತದೆ.

ಅಮ್ಮನಲ್ಲಿ ಅದೇ ತರ್ಕ ನಡೆಯುವುದಿಲ್ಲ. ಅವರ ಸ್ನಾಯು ಹಿಂಡುವ ಬಲ ಈಗಾಗಲೇ ಸಾಕಷ್ಟಿದೆ. ರಕ್ತನಾಳ ಹಿಗ್ಗಿಸಿದರೆ SV ಹೆಚ್ಚು ಏರುವುದಿಲ್ಲ, ಬಿಪಿ ಮಾತ್ರ ಇಳಿಯುತ್ತದೆ. 2019ರ ಪ್ಯಾರಗನ್ ಪ್ರಯೋಗದಲ್ಲಿ ಸಾಕುಬಿಟ್ರಿಲ್ ವಲ್ಸಾರ್ಟನ್ ಹೆಫ್‌ಪೆಫ್‌ನಲ್ಲಿ ಗುರಿಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಇಎಫ್ ಮೇಲಿದ್ದವರಿಗಿಂತ ಕೆಳಗಿದ್ದವರಲ್ಲಿ ಉಪಯೋಗ ಜಾಸ್ತಿ ಕಂಡಿತು. ಎರಡು ದೋಷಗಳು ಬೇರೆ ಬೇರೆ ಎನ್ನುವುದಕ್ಕೆ ಇದೂ ಒಂದು ಗುರುತು.

ಎರಡೂ ಕಡೆ ಕೆಲಸ ಮಾಡಿದ್ದು ಎಸ್‌ಜಿಎಲ್‌ಟಿ2 ಗುಂಪು. 2021ರ ಎಂಪರರ್ ಪ್ರಿಸರ್ವ್ಡ್ ಪ್ರಯೋಗದಲ್ಲಿ ಎಂಪಾಗ್ಲಿಫ್ಲೋಜಿನ್ ಹೃದಯ ಸಂಬಂಧಿ ಸಾವು ಮತ್ತು ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದನ್ನು ಒಟ್ಟಾಗಿ ಇಳಿಸಿತು. ಲಾಭ ಹೆಚ್ಚಾಗಿ ಬಂದದ್ದು ಆಸ್ಪತ್ರೆ ಸೇರುವುದು ಕಡಿಮೆಯಾದದ್ದರಿಂದ. ಅಮ್ಮನಿಗೆ ಮೊದಲ ಮಾತ್ರೆ ಇದೇ. ಸಕ್ಕರೆ ಕಾಯಿಲೆಯೂ ಇರುವುದರಿಂದ ಅದಕ್ಕೂ ಆಗುತ್ತದೆ. ಮೂತ್ರದ ಜಾಗದಲ್ಲಿ ತುರಿಕೆ ಬಂದರೆ ನಾಚಿಕೊಳ್ಳದೆ ಹೇಳಲು ತಿಳಿಸಿ. ಉಪವಾಸ, ವಾಂತಿ, ಆಪರೇಷನ್ ಇದ್ದಾಗ ಈ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಹಾಗಾಗಿ ಆಗ ಫೋನ್ ಮಾಡಿ ಕೇಳಬೇಕು ಎಂದೂ ಚೀಟಿಯಲ್ಲಿ ಬರೆದುಕೊಡಿ. ಇನ್ನು ತೂಕ. ಬಿಎಂಐ 30 ದಾಟಿದ ಹೆಫ್‌ಪೆಫ್ ರೋಗಿಗಳಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದು ತೂಕದ ಜೊತೆಗೆ ಏದುಸಿರನ್ನೂ ಕಡಿಮೆ ಮಾಡಿದ್ದನ್ನು 2023ರ ಪ್ರಯೋಗ ತೋರಿಸಿದೆ. ಬೆಲೆ ಎಲ್ಲರಿಗೂ ನಿಲುಕುವುದಿಲ್ಲ.

ನೀರಿನ ಮಾತ್ರೆಯಲ್ಲಿ ಇಬ್ಬರ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಗಂಡಸಿನ ದೊಡ್ಡ ಹೃತ್ಕುಕ್ಷಿಯಿಂದ ಸ್ವಲ್ಪ ಜಾಸ್ತಿ ನೀರು ತೆಗೆದರೂ SV ಬೇಗ ಬೀಳುವುದಿಲ್ಲ. ಅಮ್ಮನ ಬಿಗಿ ಹೃತ್ಕುಕ್ಷಿಯಲ್ಲಿ ಸ್ವಲ್ಪ ನೀರು ಉಳಿದರೆ ಒತ್ತಡ ಜಿಗಿಯುತ್ತದೆ, ಸ್ವಲ್ಪ ಜಾಸ್ತಿ ತೆಗೆದರೆ ತುಂಬಲು ರಕ್ತವೇ ಸಾಲದೆ ಬಿಪಿ ಬೀಳುತ್ತದೆ. ಹಾಗಾಗಿ ಫ್ಯೂರೊಸೆಮೈಡ್ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ. ದಿನಾ ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕ ಬರೆದಿಡಲು ಹೇಳಿ. ಒಂದೆರಡು ವಾರದಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದೆ, ಕ್ರಿಯಾಟಿನಿನ್ ಏರಿದೆ, ತೂಕ ಇಳಿದಿದೆ ಎಂದರೆ ಮಾತ್ರೆ ಜಾಸ್ತಿಯಾಗಿದೆ. ತೂಕ ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ, ಊತ ಕಾಣುವ ಮೊದಲೇ ನೀರು ಸೇರುತ್ತಿದೆ ಎಂದು ತಿಳಿದು ಅವತ್ತೇ ಕರೆಸಿ.